ಕರೆಂಟ್ ಹೋಗಿದ್ದು ಪೈಗೆ ಗೊತ್ತಾಗೋದು ಹೇಗೆ?

ಪ್ರಶ್ನೆ: ಸಾರ್, ತಾಲ್ಲೂಕು ಕೇಂದ್ರದಲ್ಲಿ ನಮ್ಮದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕೋ ಅಂಗಡಿ ಇದೆ. ಬಿಲ್ಲು, ಗಿರಾಕಿಗಳ ಫೈಲು ಎಲ್ಲಾ ಒಂದು ರಾಸ್‌ಬೆರ್ರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಮತ್ತು ಅದರ ಹಾರ್ಡ್ ಡಿಸ್ಕಲ್ಲಿದೆ. ಇನ್ವರ್ಟರ್ ಸುಮಾರು ಮೂರು ಗಂಟೆ ಬರತ್ತೆ. ಅದಕ್ಕಿಂತ ಜಾಸ್ತಿ ಹೊತ್ತು ಕರೆಂಟ್ ಹೋದರೆ ಪೈ ಧಡಕ್ ಅಂತ ಆಫ್ ಆಗತ್ತೆ. ಎರಡು ಸಲ ಡಿಸ್ಕ್ ಕೆಟ್ಟು ಫೈಲು ಹೋಯ್ತು. ಕರೆಂಟ್ ಹೋಗಿದ್ದನ್ನ ಪೈಗೆ ತಿಳಿಸಿ, ಬ್ಯಾಟರಿ ಮುಗಿಯೋ ಮುಂಚೆ ಅದೇ ಶಟ್‌ಡೌನ್ ಆಗೋ ಹಾಗೆ ಮಾಡಬೇಕು. ಆಪ್ಟೊಕಪ್ಲರ್ ಹಾಕು ಅಂತಾರೆ. ನೆಟ್ಟಲ್ಲಿ ನೋಡಿದ ಚಿತ್ರದ ಪ್ರಕಾರ 47 ಕಿಲೋಓಮ್ ರೆಸಿಸ್ಟರ್ ಒಂದು ಹಾಕಿದ್ದೆ, ಅರ್ಧ ಗಂಟೆಯಲ್ಲಿ ಸುಟ್ಟ ವಾಸನೆ ಬಂತು. ಎಲ್ಲಿ ತಪ್ಪಿದೆ?

ಉತ್ತರ: ರೆಸಿಸ್ಟರ್ ಯಾಕೆ ಸುಟ್ಟಿತು ಅನ್ನೋದು ಸುಲಭದ ಲೆಕ್ಕ. 230 ವೋಲ್ಟ್ ಪೂರ್ತಿ ಆ ಒಂದೇ ರೆಸಿಸ್ಟರ್ ಮೇಲೆ ಬೀಳುತ್ತದೆ. 230ನ್ನು 230ರಿಂದ ಗುಣಿಸಿ 47,000ದಿಂದ ಭಾಗಿಸಿದರೆ 1.1 ವಾಟ್ ಬರುತ್ತದೆ. ನೀವು ಹಾಕಿದ್ದು ಕಾಲು ವಾಟಿನದ್ದೋ ಅರ್ಧ ವಾಟಿನದ್ದೋ ಇರಬೇಕು. ಅರ್ಧ ಗಂಟೆ ತಡೆದುಕೊಂಡಿದ್ದೇ ಹೆಚ್ಚು. ಆದರೆ ದೊಡ್ಡ ರೆಸಿಸ್ಟರ್ ಹಾಕಿದ ಮಾತ್ರಕ್ಕೆ ನಿಮ್ಮ ಕೆಲಸ ಮುಗಿಯುವುದಿಲ್ಲ. ಸರ್ಕ್ಯೂಟ್ ಸರಿಯಾದ ಮೇಲೂ "ಶಟ್‌ಡೌನ್ ಆಗಬೇಕು" ಅನ್ನುವ ಯೋಚನೆಯಲ್ಲೇ ಒಂದು ತೊಡಕಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಕರೆಂಟ್ ಇದೆಯೋ ಇಲ್ಲವೋ ಅಂತ ಸರಿಯಾಗಿ ತಿಳಿಯುವ ಕೆಲಸ ನೋಡೋಣ.

ಆಪ್ಟೊಕಪ್ಲರ್ ಒಳಗೆ ಒಂದು ಕಡೆ ಸಣ್ಣ ಎಲ್‌ಇಡಿ, ಇನ್ನೊಂದು ಕಡೆ ಬೆಳಕು ಬಿದ್ದರೆ ಆನ್ ಆಗುವ ಟ್ರಾನ್ಸಿಸ್ಟರ್ ಇರುತ್ತವೆ. ಎರಡರ ನಡುವೆ ತಂತಿಯ ಸಂಬಂಧವೇ ಇಲ್ಲ, ಇರುವುದು ಬೆಳಕಿನ ಸಂಬಂಧ ಮಾತ್ರ. ಹಾಗಾಗಿ 230 ವೋಲ್ಟ್ ಒಂದು ದಡದಲ್ಲಿ, ನಿಮ್ಮ ಪೈ ಇನ್ನೊಂದು ದಡದಲ್ಲಿ. ಪಿಸಿ814 ಅನ್ನುವುದನ್ನು ಕೊಳ್ಳಿ. ನಾಲ್ಕು ಕಾಲಿನದು, ಬೆಲೆಯೂ ಕಮ್ಮಿ. ಅಂಗಡಿಯವರು "ಪಿಸಿ817 ಇದೆ, ಅದೇ ತಗೊಳ್ಳಿ" ಅನ್ನುತ್ತಾರೆ. ಎರಡೂ ಒಂದೇ ಅಲ್ಲ. ಪಿಸಿ814ರಲ್ಲಿ ಎರಡು ಎಲ್‌ಇಡಿ ಹಿಂದುಮುಂದಾಗಿ ಕೂತಿರುತ್ತವೆ. ಎಸಿಯ ಎರಡೂ ಅರ್ಧ ಅಲೆಗಳಲ್ಲಿ ಒಂದಲ್ಲ ಒಂದು ಬೆಳಗುತ್ತದೆ. ಪಿಸಿ817ರಲ್ಲಿ ಒಂದೇ ಎಲ್‌ಇಡಿ. ಅದಕ್ಕೆ ಉಲ್ಟಾ ದಿಕ್ಕಿನಲ್ಲಿ 6 ವೋಲ್ಟ್‌ಗಿಂತ ಜಾಸ್ತಿ ಬರಬಾರದು. ಆದರೆ ಎಸಿ ಪ್ರತಿ ಸೆಕೆಂಡಿಗೆ 50 ಸಲ ಉಲ್ಟಾ ಆಗುತ್ತದೆ. ತಕ್ಷಣ ಸುಡುವುದಿಲ್ಲ, ಅದೇ ಮೋಸ. ಕೆಲವು ತಿಂಗಳು ಓಡಿ, ಬೆಳಕು ಕಮ್ಮಿಯಾಗುತ್ತಾ ಹೋಗಿ, ಒಂದು ದಿನ ನಿಲ್ಲುತ್ತದೆ. 817 ಮಾತ್ರ ಸಿಕ್ಕರೆ ಅದರ ಎಲ್‌ಇಡಿಗೆ ಅಡ್ಡಲಾಗಿ, ಉಲ್ಟಾ ದಿಕ್ಕಿನಲ್ಲಿ, ಒಂದು 1ಎನ್4148 ಡಯೋಡ್ ಹಾಕಿ. ಆಗ ಪರವಾಗಿಲ್ಲ.

ಈಗ ರೆಸಿಸ್ಟರ್. ಒಂದರ ಬದಲು 47 ಕಿಲೋಓಮ್‌ನ ನಾಲ್ಕು ಹಾಕಿ, ಕಾಲು ವಾಟಿನ ಮೆಟಲ್ ಫಿಲ್ಮ್ ಸಾಕು. ಎರಡು ಫೇಸ್ ಕಡೆ ಸಾಲಾಗಿ, ಎರಡು ನ್ಯೂಟ್ರಲ್ ಕಡೆ ಸಾಲಾಗಿ, ನಡುವೆ ಪಿಸಿ814ರ 1 ಮತ್ತು 2ನೇ ಕಾಲು. ಒಟ್ಟು 188 ಕಿಲೋಓಮ್ ಆಯಿತು. ಹರಿಯುವ ಕರೆಂಟ್ 1.2 ಮಿಲಿಆಂಪ್. ಒಂದೊಂದು ರೆಸಿಸ್ಟರಿನ ಪಾಲಿಗೆ 0.07 ವಾಟ್ ಬೀಳುತ್ತದೆ, ಮುಟ್ಟಿದರೆ ಉಗುರುಬೆಚ್ಚಗೆ ಅನ್ನಿಸುವಷ್ಟೇ. (ಮುಟ್ಟಬೇಡಿ. ಮಾತಿಗೆ ಹೇಳಿದೆ.)

ನಾಲ್ಕು ಯಾಕೆ ಅಂದರೆ ಶಾಖದ ಜೊತೆ ಇನ್ನೊಂದು ಕಾರಣವೂ ಇದೆ. ಪ್ರತಿ ರೆಸಿಸ್ಟರಿಗೂ ತಡೆದುಕೊಳ್ಳುವ ವೋಲ್ಟೇಜಿನ ಮಿತಿ ಇರುತ್ತದೆ. ಕಾಲು ವಾಟಿನದಕ್ಕೆ ಸಾಮಾನ್ಯವಾಗಿ 250 ವೋಲ್ಟ್. ಮನೆಗೆ ಬರುವ 230 ವೋಲ್ಟಿನ ಅಲೆಯ ತುದಿ 325 ವೋಲ್ಟ್ ಮುಟ್ಟುತ್ತದೆ. ಶಾಖ ಕಮ್ಮಿ ಇದ್ದರೂ ಒಂಟಿ ರೆಸಿಸ್ಟರ್ ದಿನಾ ಮಿತಿ ದಾಟಿಯೇ ಕೆಲಸ ಮಾಡುತ್ತಿರುತ್ತದೆ. ನಾಲ್ಕರಲ್ಲಿ ಹಂಚಿಕೊಂಡರೆ ಒಂದೊಂದಕ್ಕೆ ಎಂಬತ್ತು ಚಿಲ್ಲರೆ ವೋಲ್ಟ್ ಅಷ್ಟೆ. ನಮ್ಮ ಕಡೆ ಕಂಬದ ಹತ್ತಿರ ನ್ಯೂಟ್ರಲ್ ಕಟ್ಟಾಗಿ ಬೀದಿಯ ಅರ್ಧ ಟಿವಿಗಳು ಹೊಗೆ ಬಿಡುವುದನ್ನು ನೋಡಿದ್ದೀರಲ್ವಾ? ಆಗ ಸಾಕೆಟ್ಟಿನಲ್ಲಿ 400 ವೋಲ್ಟಿನ ಹತ್ತಿರ ಬರಬಹುದು. 415 ಅಂತಲೇ ಇಟ್ಟುಕೊಂಡು ಲೆಕ್ಕ ಹಾಕಿದರೂ ಒಂದೊಂದು ರೆಸಿಸ್ಟರಿಗೆ 0.23 ವಾಟ್. ಕಾಲು ವಾಟಿನ ಒಳಗೇ ಇದೆ. ಈ ಕಾರಣಕ್ಕೇ ನನಗೆ ಈ ನಾಲ್ಕರ ಸಾಲು ಇಷ್ಟ.

ಎರಡೆರಡಾಗಿ ಎರಡೂ ಕಡೆ ಹಂಚಿದ್ದಕ್ಕೂ ಕಾರಣವಿದೆ. ಎರಡು ಪಿನ್ನಿನ ಪ್ಲಗ್ಗನ್ನು ಯಾರಾದರೂ ಉಲ್ಟಾ ಚುಚ್ಚಿಯೇ ಚುಚ್ಚುತ್ತಾರೆ. ಎಲ್ಲಾ ರೆಸಿಸ್ಟರನ್ನೂ ಒಂದೇ ಕಡೆ ಇಟ್ಟರೆ, ಉಲ್ಟಾ ಚುಚ್ಚಿದಾಗ ಆಪ್ಟೊಕಪ್ಲರಿನ ಕಾಲಿಗೆ ನೇರವಾಗಿ ಫೇಸ್ ಬಂದು ಕೂರುತ್ತದೆ. ಹಂಚಿದರೆ ಯಾವ ಕಡೆಯಿಂದ ಬಂದರೂ ನಡುವೆ ಎರಡು ರೆಸಿಸ್ಟರ್ ಇರುತ್ತವೆ. ಪ್ಲಗ್ಗಿನ ಒಂದು ತಂತಿಗೆ 250 ಮಿಲಿಆಂಪ್‌ನ ಗಾಜಿನ ಫ್ಯೂಸನ್ನೂ ಹಾಕಿ.

ಈಚೆ ದಡ ಸುಲಭ. ಪಿಸಿ814ರ 3ನೇ ಕಾಲು, ಅಂದರೆ ಎಮಿಟರ್, ಪೈಯ ಗ್ರೌಂಡಿಗೆ. 4ನೇ ಕಾಲು, ಅಂದರೆ ಕಲೆಕ್ಟರ್, ಪೈಯ ಜಿಪಿಐಒ 17ಕ್ಕೆ, ಅಂದರೆ ಹೊರಗಿನ ಸಿಗ್ನಲ್ ಓದುವ ಪಿನ್ನಿಗೆ. ಅದೇ 4ನೇ ಕಾಲಿನಿಂದ ಪೈಯ 3.3 ವೋಲ್ಟ್‌ಗೆ ಒಂದು ಪುಲ್‌ಅಪ್ ರೆಸಿಸ್ಟರ್, ಅಂದರೆ ಟ್ರಾನ್ಸಿಸ್ಟರ್ ಆಫ್ ಇದ್ದಾಗ ಪಿನ್ನನ್ನು ಮೇಲೆ ಎಳೆದಿಡುವ ರೆಸಿಸ್ಟರ್. ಪೈಯ ಹೆಡರಿನಲ್ಲಿ 3.3 ವೋಲ್ಟ್ 1ನೇ ಪಿನ್, ಗ್ರೌಂಡ್ 9ನೇ ಪಿನ್, ಜಿಪಿಐಒ 17 ಅದರ ಪಕ್ಕದ 11ನೇ ಪಿನ್.

ಪುಲ್‌ಅಪ್ ಎಷ್ಟು ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಅಭ್ಯಾಸಬಲದಿಂದ 10 ಕಿಲೋಓಮ್ ಹಾಕಿಬಿಡುತ್ತಾರೆ. ಪಿಸಿ814ರ ಎಲ್‌ಇಡಿಗೆ 1 ಮಿಲಿಆಂಪ್ ಕೊಟ್ಟರೆ ಟ್ರಾನ್ಸಿಸ್ಟರ್ ಕಡೆ ಕನಿಷ್ಠ 0.2 ಮಿಲಿಆಂಪ್ ಎಳೆಯುತ್ತದೆ ಅಂತ ಮಾತ್ರ ತಯಾರಕರು ಭರವಸೆ ಕೊಡುತ್ತಾರೆ. ನಿಮ್ಮ ಕೈಗೆ ಸಿಕ್ಕ ಪೀಸು ಅದರ ಐದರಷ್ಟು ಎಳೆಯಬಹುದು, ಅದು ನಿಮ್ಮ ಅದೃಷ್ಟ. ವರ್ಷಗಳು ಕಳೆದಂತೆ ಎಲ್‌ಇಡಿ ಮಂಕಾಗುತ್ತದೆ ಅನ್ನುವುದನ್ನೂ ಸೇರಿಸಿಕೊಂಡು 0.1 ಅಂತ ಇಟ್ಟುಕೊಳ್ಳಿ. 10 ಕಿಲೋಓಮ್ ಪುಲ್‌ಅಪ್ಪನ್ನು ಪೂರ್ತಿ ಕೆಳಗೆ ಎಳೆಯಲು 0.33 ಮಿಲಿಆಂಪ್ ಬೇಕು. ಮೇಜಿನ ಮೇಲೆ ಕೆಲಸ ಮಾಡಿದ್ದು ಎರಡು ವರ್ಷದ ಮೇಲೆ ಕೈಕೊಡುವುದು ಹೀಗೆ. 47 ಕಿಲೋಓಮ್ ಹಾಕಿದರೆ 0.07 ಸಾಕು. ಆಗ ನಿಮ್ಮ ಹತ್ತಿರ ಬೇಕಾಗುವ ರೆಸಿಸ್ಟರ್ ಒಂದೇ ಬಗೆಯದು. ಐದು 47 ಕಿಲೋಓಮ್ ಕೊಂಡರೆ ಆಯಿತು.

ಇನ್ನೊಂದು ವಿಷಯ. ಎಸಿ ಸೊನ್ನೆ ದಾಟುವಾಗ, ಅಂದರೆ ಪ್ರತಿ 10 ಮಿಲಿಸೆಕೆಂಡಿಗೆ ಒಮ್ಮೆ, ಎಲ್‌ಇಡಿ ಕ್ಷಣಕಾಲ ಆರುತ್ತದೆ. ಆಗ ಜಿಪಿಐಒ ಮೇಲೆ ಒಂದು ಮಿಲಿಸೆಕೆಂಡ್ ಆಸುಪಾಸಿನ ಚೂಪು ಏಳುತ್ತದೆ. ಪ್ರೋಗ್ರಾಮ್ ಸರಿಯಾಗಿ ಆ ಕ್ಷಣದಲ್ಲೇ ಓದಿದರೆ "ಕರೆಂಟ್ ಇಲ್ಲ" ಅಂದುಕೊಳ್ಳುತ್ತದೆ. ಈ ಚೂಪುಗಳನ್ನು ಎಣಿಸಿ ಕರೆಂಟ್ ಇದೆ ಅಂತ ತಿಳಿಯುವ ದಾರಿಯೂ ಇದೆ. ಆದರೆ ಒಳ್ಳೆಯ ಪೀಸು ಸಿಕ್ಕಿದರೆ ಚೂಪು ಎಷ್ಟು ಸಣ್ಣದಾಗುತ್ತದೆ ಅಂದರೆ ಎಣಿಕೆಯೇ ತಪ್ಪುತ್ತದೆ. ನಮಗೆ ಅಷ್ಟೆಲ್ಲಾ ಬೇಡ. 4ನೇ ಕಾಲಿನಿಂದ ಗ್ರೌಂಡಿಗೆ ಒಂದು 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಒಂದು ಮಿಲಿಸೆಕೆಂಡಿನಲ್ಲಿ ಅದು ತುಂಬುವುದೇ ಇಲ್ಲ, ಚೂಪು ಅಲ್ಲೇ ಅಡಗುತ್ತದೆ. ನಿಜವಾಗಿ ಕರೆಂಟ್ ಹೋದರೆ ಮೂವತ್ತು ನಲವತ್ತು ಮಿಲಿಸೆಕೆಂಡಿನಲ್ಲಿ ತುಂಬಿ ಜಿಪಿಐಒ ಮೇಲೇರುತ್ತದೆ. ನಿಮ್ಮ ಕೆಲಸಕ್ಕೆ ಅದು ಬೇಕಾದಷ್ಟು ಬೇಗ.

ಇಲ್ಲಿ ಕರೆಂಟ್ ಇದ್ದಾಗ ಪಿನ್ ಕೆಳಗೆ, ಹೋದಾಗ ಮೇಲೆ. ಇದು ಬೇಕಂತಲೇ ಹೀಗೆ ಇಟ್ಟದ್ದು. ಫ್ಯೂಸ್ ಹೋದರೆ, ತಂತಿ ಕಿತ್ತರೆ, ಎಲ್‌ಇಡಿ ಸತ್ತರೆ, ಎಲ್ಲದಕ್ಕೂ ಪೈ "ಕರೆಂಟ್ ಹೋಯಿತು" ಅಂತಲೇ ತಿಳಿಯುತ್ತದೆ. ಸುಮ್ನೆ ಒಂದು ಸಲ ಬಿಲ್ಲಿಂಗ್ ನಿಲ್ಲಬಹುದು, ನೀವು ಬಂದು ನೋಡುತ್ತೀರಿ. ಉಲ್ಟಾ ಇದ್ದಿದ್ದರೆ ಸೆನ್ಸರ್ ಸತ್ತಿರುವುದು ಡಿಸ್ಕ್ ಹೋದ ದಿನವೇ ಗೊತ್ತಾಗುತ್ತಿತ್ತು.

ಬೋರ್ಡ್ ಮಾಡುವಾಗ ಎರಡು ದಡಗಳ ನಡುವೆ ನಿಜವಾದ ಹೊಳೆ ಇರಬೇಕು. ಪಿಸಿ814ರ ಎರಡು ಸಾಲಿನ ಕಾಲುಗಳ ನಡುವೆ 7.62 ಮಿಲಿಮೀಟರ್ ಇದೆ. ಅದರ ಹೊಟ್ಟೆಯ ಕೆಳಗೆ ಬರುವ ತಾಮ್ರದ ಪ್ಯಾಡ್‌ಗಳನ್ನೆಲ್ಲಾ ಬಿಸಿ ಮಾಡಿ ಕಿತ್ತುಹಾಕಿ. 6 ಮಿಲಿಮೀಟರಿಗಿಂತ ಹತ್ತಿರ ಎರಡೂ ಕಡೆಯ ಯಾವ ಬೆಸುಗೆಯೂ ಬರಬಾರದು. ಉದ್ದುದ್ದ ತಾಮ್ರದ ಪಟ್ಟಿ ಇರುವ ಬೋರ್ಡ್ ಬೇಡವೇ ಬೇಡ. ನ್ಯೂಟ್ರಲ್ಲನ್ನು ಪೈಯ ಗ್ರೌಂಡಿಗೆ ಸೇರಿಸಿದ ಚಿತ್ರಗಳೂ ನೆಟ್ಟಲ್ಲಿ ಕಾಣಸಿಗುತ್ತವೆ. ಹಾಗೆ ಸೇರಿಸಿದ ಕ್ಷಣ ಆಪ್ಟೊಕಪ್ಲರ್ ಇದ್ದೂ ಇಲ್ಲದಂತೆ. ಪ್ಲಗ್ ಉಲ್ಟಾ ಆದರೆ ಪೈಯ ಯುಎಸ್‌ಬಿಯ ಲೋಹದಲ್ಲೇ ಫೇಸ್ ಬರುತ್ತದೆ.

ಕರೆಂಟಿಗೆ ಚುಚ್ಚುವ ಮೊದಲು ಮೇಜಿನ ಮೇಲೆ ಪರೀಕ್ಷೆ ಮಾಡಿ. ಪ್ಲಗ್ ಸಾಕೆಟ್ಟಿನಿಂದ ಹೊರಗಿರಲಿ. ಪೈ ಕಡೆಯ ತಂತಿಗಳನ್ನು ಜೋಡಿಸಿ. 9 ವೋಲ್ಟಿನ ಬ್ಯಾಟರಿಯನ್ನು 4.7 ಕಿಲೋಓಮ್ ರೆಸಿಸ್ಟರಿನ ಮೂಲಕ ಪಿಸಿ814ರ 1 ಮತ್ತು 2ನೇ ಕಾಲಿಗೆ ಮುಟ್ಟಿಸಿ. ಮೇನ್ಸ್ ಅಲೆಯ ತುದಿಯಲ್ಲಿ ಹರಿಯುವಷ್ಟೇ ಕರೆಂಟ್ ಹರಿಯುತ್ತದೆ. ಜಿಪಿಐಒ ಮೇಲೆ ಮೀಟರ್ ಹಿಡಿದರೆ 3.3 ಇದ್ದದ್ದು ಕಾಲು ವೋಲ್ಟಿಗಿಂತ ಕೆಳಗೆ ಇಳಿಯಬೇಕು. ಬ್ಯಾಟರಿ ಉಲ್ಟಾ ಮಾಡಿದರೂ ಇಳಿಯಬೇಕು. ಆಮೇಲೆ ಬ್ಯಾಟರಿ ತೆಗೆದು, ಪೈಯನ್ನೂ ಬಿಚ್ಚಿ, ಮೀಟರನ್ನು 20 ಮೆಗಾಓಮ್‌ಗೆ ಇಟ್ಟು ಪ್ಲಗ್ಗಿನ ಒಂದೊಂದು ಪಿನ್ನಿನಿಂದ ಈಚೆ ದಡದ ಗ್ರೌಂಡಿಗೆ ಅಳೆಯಿರಿ. ಏನೂ ತೋರಿಸಬಾರದು. ಏನಾದರೂ ಅಂಕಿ ಬಂದರೆ ಫ್ಲಕ್ಸ್ ಅಂಟು, ತಾಮ್ರದ ಚೂರು ಎಲ್ಲೋ ಉಳಿದಿದೆ ಅಂತ ಅರ್ಥ.

ಇದಾದ ಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದು, ಮೊದಲ ಸಲ ನಿಮ್ಮೂರ ಎಲೆಕ್ಟ್ರಿಷಿಯನ್ ಹತ್ತಿರ ಇರುವ, ಸಾಲಾಗಿ ಬಲ್ಬ್ ಸೇರಿಸಿದ ಸೀರೀಸ್ ಬೋರ್ಡಿನಲ್ಲಿ ಚುಚ್ಚಿ. ಬಲ್ಬ್ ಹತ್ತಬಾರದು. ಹತ್ತಿದರೆ ಶಾರ್ಟ್ ಇದೆ. ಮುಚ್ಚಳ ತೆಗೆದು ಮೇನ್ಸ್ ಕಡೆ ಮೀಟರ್ ಹಿಡಿಯುವ ಸಾಹಸ ನಿಮಗೆ ಬೇಡ. ಅಳೆಯಬೇಕಾದ್ದೆಲ್ಲಾ ಈಚೆ ದಡದಲ್ಲೇ ಸಿಗುತ್ತದೆ.

230 ವೋಲ್ಟಿನ ಬೆಸುಗೆಯೇ ಬೇಡ ಅನ್ನಿಸಿದರೆ ಇನ್ನೊಂದು ದಾರಿಯಿದೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಹಳೆಯ ಮೊಬೈಲ್ ಚಾರ್ಜರ್ ಒಂದನ್ನು ಮೇನ್ಸಿಗೆ ಹಾಕಿ, ಅದರ 5 ವೋಲ್ಟನ್ನು 2.2 ಕಿಲೋಓಮ್ ಮೂಲಕ ಪಿಸಿ817ರ ಎಲ್‌ಇಡಿಗೆ ಕೊಡಿ. ಈಚೆ ಕಡೆ ಎಲ್ಲಾ ಹಾಗೇ. ಆದರೆ ಲೋಡ್ ಇಲ್ಲದ ಚಾರ್ಜರ್ ಕರೆಂಟ್ ಹೋದ ಮೇಲೂ ಕೆಲವು ಸೆಕೆಂಡ್ 5 ವೋಲ್ಟ್ ಹಿಡಿದುಕೊಂಡಿರುತ್ತದೆ. ಅದರ ಔಟ್‌ಪುಟ್ಟಿಗೆ ಅಡ್ಡಲಾಗಿ 220 ಓಮ್ ಒಂದನ್ನು ಹಾಕಿದರೆ ಬೇಗ ಇಳಿಯುತ್ತದೆ. ಚಾರ್ಜರ್ ಒಳಗೇ ಪ್ರತ್ಯೇಕತೆ ಇದೆಯಲ್ಲ, ಆಪ್ಟೊಕಪ್ಲರ್ ಯಾಕೆ ಅಂತ ಕೇಳಬಹುದು. ಅಗ್ಗದ ಚಾರ್ಜರಿನ ಒಳಗಿನ ಅಂತರ ನೋಡಿದವರು ಆ ಪ್ರಶ್ನೆ ಕೇಳುವುದಿಲ್ಲ.

ಈಗ ಎಲ್ಲಿ ಚುಚ್ಚಬೇಕು ಅನ್ನುವ ವಿಷಯ. ಇದು ತಪ್ಪಿದರೆ ಮೇಲಿನದ್ದೆಲ್ಲಾ ವ್ಯರ್ಥ. ಅಂಗಡಿಯಲ್ಲಿ ಇನ್ವರ್ಟರ್ ಲೈನ್ ಬೇರೆ, ನೇರ ಮೇನ್ಸ್ ಲೈನ್ ಬೇರೆ ಇರುತ್ತದೆ. ಪೈ ಇನ್ವರ್ಟರ್ ಲೈನಿನಲ್ಲಿರಲಿ, ಸೆನ್ಸರ್ ನೇರ ಲೈನಿನ ಸಾಕೆಟ್ಟಿನಲ್ಲಿರಬೇಕು. ಇನ್ವರ್ಟರ್ ಆಫ್ ಮಾಡಿ ಅದರ ಮೇನ್ಸ್ ಪ್ಲಗ್ ಕಿತ್ತರೂ ಯಾವ ಸಾಕೆಟ್ ಜೀವಂತ ಇರುತ್ತದೋ ಅದು ನೇರ ಲೈನು. ಅಂಗಡಿಗೆ ಮೂರು ಫೇಸ್ ಬಂದಿದ್ದರೆ ಇನ್ವರ್ಟರ್ ಚಾರ್ಜ್ ಆಗುವ ಫೇಸಿನಲ್ಲೇ ಸೆನ್ಸರ್ ಇರಬೇಕು. ಬೇರೆ ಫೇಸಿನಲ್ಲಿಟ್ಟರೆ ಒಂದು ಫೇಸ್ ಮಾತ್ರ ಹೋದ ದಿನ ಪೈಗೆ ಸುಳ್ಳು ಸುದ್ದಿ ಸಿಗುತ್ತದೆ.

ಇಲ್ಲೇ ನಾನೊಂದು ಸಲ ಪೇಚಿಗೆ ಬಿದ್ದಿದ್ದೆ. ಸ್ನೇಹಿತರೊಬ್ಬರ ಗೋದಾಮಿನಲ್ಲಿ ಇದೇ ಸರ್ಕ್ಯೂಟ್ ಹಾಕಿ, ಪರೀಕ್ಷೆಗೆ ಅಂತ ಆ ಸಾಕೆಟ್ಟಿನ ಎಂಸಿಬಿ ಇಳಿಸಿದೆ. ಪೈ "ಕರೆಂಟ್ ಇದೆ" ಅಂತಲೇ ಕೂತಿತ್ತು. ಸಾಕೆಟ್ಟಿಗೆ ಮೀಟರ್ ಇಟ್ಟರೆ ಮೂರಂಕಿಯ ವೋಲ್ಟ್ ತೋರಿಸುತ್ತಿದೆ, ಟೆಸ್ಟ್ ಲ್ಯಾಂಪ್ ಹಾಕಿದರೆ ಮಿಣುಕೂ ಇಲ್ಲ. ಲ್ಯಾಂಪ್ ತೆಗೆದರೆ ಮತ್ತೆ ಮೀಟರಿನಲ್ಲಿ ವೋಲ್ಟ್. ಅರ್ಧ ದಿನ ಹೋಯಿತು. ಇನ್ವರ್ಟರ್ ಲೈನೂ ನೇರ ಲೈನೂ ಸುಮಾರು ಮೂವತ್ತು ಮೀಟರ್ ಒಂದೇ ಪೈಪಿನಲ್ಲಿ ಪಕ್ಕಪಕ್ಕ ಹೋಗಿದ್ದವು. ಎರಡು ತಂತಿ ಅಷ್ಟುದ್ದ ಅಂಟಿಕೊಂಡು ಹೋದರೆ ಅದೇ ಒಂದು ಸಣ್ಣ ಕೆಪಾಸಿಟರ್ ಆಗುತ್ತದೆ. ಅದರ ಮೂಲಕ 0.2 ಮಿಲಿಆಂಪ್ ಹತ್ತಿರ ಸೋರುತ್ತದೆ. ಬಲ್ಬಿಗೆ ಅದು ಏನೇನೂ ಅಲ್ಲ. ನಮ್ಮ 47 ಕಿಲೋಓಮ್ ಪುಲ್‌ಅಪ್ಪಿಗೆ, ಒಳ್ಳೆಯ ಪೀಸು ಬಿದ್ದಿದ್ದರೆ, ಅದು ಸಾಕು! ಸರ್ಕ್ಯೂಟನ್ನು ಸೂಕ್ಷ್ಮ ಮಾಡಿದ್ದೇ ನಾನು, ತಪ್ಪು ಯಾರ ಮೇಲೆ ಹೊರಿಸುವುದು?

ಪರಿಹಾರ ಸಣ್ಣದು. ಫ್ಯೂಸ್ ಆದ ಮೇಲೆ, ರೆಸಿಸ್ಟರುಗಳಿಗೆ ಮುಂಚೆ, ಫೇಸ್ ನ್ಯೂಟ್ರಲ್ಲಿಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್‌ನ ಎಕ್ಸ್2 ಕೆಪಾಸಿಟರ್. ಹಳದಿ ಬಣ್ಣದ ಚೌಕ ಡಬ್ಬಿ, ಮೇಲೆ ಎಕ್ಸ್2 ಅಂತ ಬರೆದಿರಲೇಬೇಕು. ಮೇನ್ಸಿಗೆ ಅಡ್ಡಲಾಗಿ ಹಾಕಲೆಂದೇ ಮಾಡಿದ ಬಗೆ ಅದು, ಬೇರೆಯದ್ದು ಹಾಕಬೇಡಿ. ಸೋರಿ ಬರುವ ಆ ಚೂರು ಕರೆಂಟ್ ಇದರ ಮೂಲಕವೇ ಹೋಗಿಬಿಡುತ್ತದೆ, ಎಲ್‌ಇಡಿ ಕಡೆ ಕೆಲವೇ ವೋಲ್ಟ್ ಉಳಿಯುತ್ತದೆ. ನಿಜವಾದ ಮೇನ್ಸಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ. ಪ್ಲಗ್ ಕಿತ್ತಾಗ ಕೆಪಾಸಿಟರಿನಲ್ಲಿ ಉಳಿದ ಚಾರ್ಜು ನಮ್ಮ 188 ಕಿಲೋಓಮ್ ಮೂಲಕವೇ ಕಣ್ಣುಮಿಟುಕಿಸುವುದರೊಳಗೆ ಇಳಿಯುತ್ತದೆ, ಬೇರೆ ರೆಸಿಸ್ಟರ್ ಬೇಡ. ಊರಿಗೇ ಕರೆಂಟ್ ಹೋದಾಗ ಈ ಸಮಸ್ಯೆ ಸಾಮಾನ್ಯವಾಗಿ ಕಾಣುವುದಿಲ್ಲ, ಯಾಕೆಂದರೆ ಅದೇ ಲೈನಿನ ಫ್ರಿಜ್ಜು ಮೋಟರುಗಳೇ ಸೋರಿಕೆಯನ್ನು ನುಂಗುತ್ತವೆ. ಎಂಸಿಬಿ ಟ್ರಿಪ್ ಆದಾಗ ಕಾಣುತ್ತದೆ. ಅದಕ್ಕೇ ಎಂಸಿಬಿ ಇಳಿಸಿಯೇ ಪರೀಕ್ಷೆ ಮಾಡಿ, ಪ್ಲಗ್ ಕಿತ್ತು ಅಲ್ಲ.

ಈ ಸೆನ್ಸರಿನ ಒಂದು ಮಿತಿ ನೇರವಾಗಿ ಹೇಳಿಬಿಡುತ್ತೇನೆ. ಇದಕ್ಕೆ ಕರೆಂಟ್ ಇದೆಯೋ ಇಲ್ಲವೋ ಗೊತ್ತು, ಎಷ್ಟಿದೆ ಅಂತ ಗೊತ್ತಿಲ್ಲ. ಬೇಸಿಗೆಯ ಸಂಜೆ ವೋಲ್ಟೇಜ್ 150ಕ್ಕೆ ಇಳಿಯಿತು ಅನ್ನಿ. ಸೆನ್ಸರ್ "ಇದೆ" ಅನ್ನುತ್ತದೆ. ಆದರೆ ಇನ್ವರ್ಟರ್ ಹಿಂದಿನ ಸ್ವಿಚ್ ಯುಪಿಎಸ್ ಕಡೆ ಇದ್ದರೆ ಅದು ಸುಮಾರು 180ಕ್ಕಿಂತ ಕೆಳಗೆ ಮೇನ್ಸನ್ನು ಒಪ್ಪದೆ ಬ್ಯಾಟರಿಗೆ ಹೋಗುತ್ತದೆ. ಬ್ಯಾಟರಿ ಖಾಲಿಯಾಗುತ್ತಿದೆ, ಪೈ ನೆಮ್ಮದಿಯಾಗಿದೆ. ನಿಮ್ಮೂರಲ್ಲಿ ಲೋ ವೋಲ್ಟೇಜ್ ಇದ್ದರೆ ಆ ಸ್ವಿಚ್ಚನ್ನು ಇಕೋ ಕಡೆ ಹಾಕಿ. ಆಗ ಇನ್ವರ್ಟರ್ ಸುಮಾರು 100 ವೋಲ್ಟ್‌ವರೆಗೂ ಮೇನ್ಸನ್ನೇ ಬಳಸುತ್ತದೆ. ಪೈಯ ಅಡಾಪ್ಟರ್ 100ರಿಂದ 240 ಅಂತ ಬರೆದದ್ದಾದರೆ ಅದಕ್ಕೆ ಏನೂ ಆಗುವುದಿಲ್ಲ. ಅದೇ ಲೈನಿನಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರ್ ಇದ್ದರೆ ಇದನ್ನು ಮಾಡಬೇಡಿ, ಬದಲಾಯಿಸುವ ಸಮಯ ಜಾಸ್ತಿಯಾಗಿ ಅದು ರೀಸ್ಟಾರ್ಟ್ ಆಗಬಹುದು. ಹಾಗಿದ್ದಾಗ ವೋಲ್ಟೇಜ್ ಅಳೆಯುವ ಸೆನ್ಸರೇ ಬೇಕು, ಅದು ಬೇರೆ ಕಥೆ.

ಇನ್ನು ಶಟ್‌ಡೌನ್ ತೊಡಕು. ಒಂದು ಗಂಟೆ ಕಾದು ಪೈ ಶಟ್‌ಡೌನ್ ಆಯಿತು ಅನ್ನಿ. ಹತ್ತು ನಿಮಿಷಕ್ಕೆ ಕರೆಂಟ್ ಬಂತು. ಈಗ ಪೈ ಹೇಗೆ ಏಳುತ್ತದೆ? ಅದರ ಅಡಾಪ್ಟರಿಗೆ ಇನ್ವರ್ಟರಿನಿಂದ ಪವರ್ ಒಂದು ಕ್ಷಣವೂ ತಪ್ಪಿಲ್ಲ. ಪವರ್ ಹೋಗಿ ಬಂದರೆ ಮಾತ್ರ ಪೈ ತಾನಾಗಿ ಏಳುತ್ತದೆ. ಹಾಗಾಗಿ ಕರೆಂಟ್ ಇದೆ, ಇನ್ವರ್ಟರ್ ಇದೆ, ಪೈ ಮಾತ್ರ ಮಲಗಿದೆ, ಯಾರಾದರೂ ಬಂದು ಪ್ಲಗ್ ಕಿತ್ತು ಹಾಕುವವರೆಗೆ. ರಿಲೇ, ಟೈಮರ್ ಅಂತ ಹಾಕಿ ಇದನ್ನು ಬಿಡಿಸಲು ಹೋದವರು ಬಹಳ. ಕರೆಂಟ್ ಬೇಡದ ಹೊತ್ತಿಗೆ ಬಂದರೆ ಅದೂ ಸಿಕ್ಕಿಹಾಕಿಕೊಳ್ಳುತ್ತದೆ.

ನಿಮಗೆ ಬೇಕಾದ್ದು ಪೈ ಆಫ್ ಆಗುವುದಲ್ಲ, ಡಿಸ್ಕ್ ಕೆಡದಿರುವುದು. ಹಾಗಾದರೆ ಪೈ ಓಡುತ್ತಲೇ ಇರಲಿ, ಡಿಸ್ಕಿನ ಕೈ ಬಿಡಲಿ. ಬಿಲ್ಲಿಂಗ್ ಪ್ರೋಗ್ರಾಮ್ ನಿಲ್ಲಿಸಿ, ಡಿಸ್ಕನ್ನು ಅನ್‌ಮೌಂಟ್ ಮಾಡಿ ಸುಮ್ಮನೆ ಕೂರಲಿ. ಅಷ್ಟರಲ್ಲಿ ಕರೆಂಟ್ ಬಂದರೆ ರೀಬೂಟ್ ಮಾಡಿಕೊಂಡು ಮೊದಲಿನಂತಾಗುತ್ತದೆ. ಬ್ಯಾಟರಿ ಪೂರ್ತಿ ಸತ್ತರೂ ಬರೆಯುವ ಕೆಲಸ ನಡೆಯುತ್ತಿಲ್ಲ, ಡಿಸ್ಕಿಗೆ ಅಪಾಯವಿಲ್ಲ. ಮತ್ತೆ ಪವರ್ ಬಂದಾಗ ಪೈ ತಾನೇ ಏಳುತ್ತದೆ. ಎಸ್‌ಡಿ ಕಾರ್ಡಿನ ಚಿಂತೆಗೆ `raspi-config` ಒಳಗೆ `Overlay File System` ಆನ್ ಮಾಡಿ. ಆಗ ಕಾರ್ಡಿಗೆ ಬರೆಯುವುದೇ ನಿಲ್ಲುತ್ತದೆ. ಇದನ್ನು ಎಲ್ಲಾ ಸೆಟ್ ಮಾಡಿದ ಮೇಲೆ, ಕೊನೆಯಲ್ಲಿ ಮಾಡಿ. ಆಮೇಲೆ ಮಾಡಿದ ಬದಲಾವಣೆ ರೀಬೂಟಿನಲ್ಲಿ ಅಳಿಸಿಹೋಗುತ್ತದೆ.

```python
import subprocess, time
from gpiozero import DigitalInputDevice

no_mains = DigitalInputDevice(17, pull_up=None, active_state=True)
score, steady, stopped = 0, 0, False

while True:
    if no_mains.value:
        score, steady = score + 10, 0
    else:
        score, steady = max(0, score - 1), steady + 1
    if score >= 36000 and not stopped:
        stopped = True
        subprocess.run(["systemctl", "stop", "billing"])
        subprocess.run(["umount", "/mnt/data"])
    if stopped and steady >= 300:
        subprocess.run(["reboot"])
        break
    time.sleep(1)
```

`billing` ಮತ್ತು `/mnt/data` ಜಾಗದಲ್ಲಿ ನಿಮ್ಮ ಸರ್ವಿಸಿನ ಮತ್ತು ಫೋಲ್ಡರಿನ ಹೆಸರು ಹಾಕಿ, ಇದನ್ನು ರೂಟ್ ಆಗಿ ಓಡುವ ಸರ್ವಿಸ್ ಮಾಡಿ. `pull_up=None` ಅಂತ ಹಾಕಿದ್ದು ಪೈಯ ಒಳಗಿನ ಪುಲ್‌ಅಪ್ ಬೇಡ, ನಾವು ಹೊರಗೆ ಹಾಕಿದ್ದೇವೆ ಅಂತ ಹೇಳಲು.

ಇದರಲ್ಲಿ `score` ಅನ್ನುವುದು ಬ್ಯಾಟರಿಯ ಅಂದಾಜು ಲೆಕ್ಕ. ಕರೆಂಟ್ ಇಲ್ಲದ ಪ್ರತಿ ಸೆಕೆಂಡಿಗೆ 10 ಏರುತ್ತದೆ, ಇರುವ ಪ್ರತಿ ಸೆಕೆಂಡಿಗೆ 1 ಇಳಿಯುತ್ತದೆ. 36,000 ಅಂದರೆ ಸತತ ಒಂದು ಗಂಟೆ. ಕರೆಂಟ್ ಬಂದ ತಕ್ಷಣ ಲೆಕ್ಕವನ್ನು ಸೊನ್ನೆಗೆ ತಂದರೆ ತಪ್ಪಾಗುತ್ತದೆ. ಐವತ್ತು ನಿಮಿಷ ಹೋಗಿ, ಎರಡು ನಿಮಿಷ ಬಂದು, ಮತ್ತೆ ಐವತ್ತು ನಿಮಿಷ ಹೋಗುವುದು ನಮ್ಮಲ್ಲಿ ಹೊಸದೇನಲ್ಲ. ಆ ಎರಡು ನಿಮಿಷದಲ್ಲಿ ಬ್ಯಾಟರಿ ತುಂಬಿರುವುದಿಲ್ಲ. ಲೆಡ್ ಆಸಿಡ್ ಬ್ಯಾಟರಿ ಖಾಲಿಯಾದಷ್ಟು ಬೇಗ ತುಂಬುವುದಿಲ್ಲ, ಅದಕ್ಕೇ ಹತ್ತಕ್ಕೆ ಒಂದು. `steady` 300 ಅಂದರೆ ಐದು ನಿಮಿಷ ಸತತ ಕರೆಂಟ್ ನಿಂತರೆ ಮಾತ್ರ ರೀಬೂಟ್.

ಒಂದು ಕೊರತೆಯಿದೆ. ರೀಬೂಟ್ ಆದಾಗ ಈ ಲೆಕ್ಕ ಮರೆತುಹೋಗುತ್ತದೆ, ಬ್ಯಾಟರಿ ಮಾತ್ರ ಇನ್ನೂ ಅರೆಹೊಟ್ಟೆಯಲ್ಲೇ ಇರುತ್ತದೆ. ನಿಮ್ಮದು ಮೂರು ಗಂಟೆಯ ಬ್ಯಾಟರಿಯಾಗಿದ್ದೂ ಮಿತಿಯನ್ನು ಒಂದೇ ಗಂಟೆಗೆ ಇಟ್ಟಿದ್ದು ಅದಕ್ಕೇ. ಬ್ಯಾಟರಿ ಹಳೆಯದಾಗಿ ಎರಡು ಗಂಟೆಗೆ ಇಳಿದಾಗ ಇದನ್ನೂ ನಲವತ್ತು ನಿಮಿಷಕ್ಕೆ, ಅಂದರೆ 24000ಕ್ಕೆ ಇಳಿಸಿ.

ಪರೀಕ್ಷೆಗೆ 36000 ಇರುವ ಕಡೆ 300 ಹಾಕಿ ಎಂಸಿಬಿ ಇಳಿಸಿ. ಅರ್ಧ ನಿಮಿಷದಲ್ಲಿ ಬಿಲ್ಲಿಂಗ್ ನಿಲ್ಲಬೇಕು. ಆಗ `findmnt /mnt/data` ಅಂತ ಟೈಪ್ ಮಾಡಿದರೆ ಏನೂ ಬರಬಾರದು. ಇನ್ನೂ ಏನಾದರೂ ತೋರಿಸಿದರೆ, ಲಾಗಿನಲ್ಲಿ `target is busy` ಅಂತ ಇರುತ್ತದೆ. ಯಾವುದೋ ಪ್ರೋಗ್ರಾಮ್ ಡಿಸ್ಕನ್ನು ಹಿಡಿದುಕೊಂಡಿದೆ ಅಂತ ಅರ್ಥ. ಅಂಗಡಿಗಳಲ್ಲಿ ಅದು ಸಾಮಾನ್ಯವಾಗಿ ಬೇರೆ ಕಂಪ್ಯೂಟರಿಗೆ ಫೋಲ್ಡರ್ ಹಂಚುವ ಸಾಂಬಾ. `umount` ಸಾಲಿನ ಮುಂಚೆ `smbd`ಯನ್ನೂ ನಿಲ್ಲಿಸುವ ಸಾಲು ಸೇರಿಸಿ. ಆಮೇಲೆ ಎಂಸಿಬಿ ಏರಿಸಿ ಐದು ನಿಮಿಷ ಕಾಯಿರಿ. ಪೈ ರೀಬೂಟ್ ಆಗಿ ಬಿಲ್ಲಿಂಗ್ ತಾನಾಗಿ ಬಂದರೆ 300ನ್ನು ವಾಪಸ್ 36000 ಮಾಡಲು ಮರೆಯಬೇಡಿ. ನಾನು ಒಂದು ಸಲ ಮರೆತು, ಕರೆಂಟ್ ಅರ್ಧ ನಿಮಿಷ ಹೋದಾಗಲೆಲ್ಲಾ ಬಿಲ್ಲಿಂಗ್ ನಿಲ್ಲುತ್ತಿದೆ ಅಂತ ವಾರವಿಡೀ ಫೋನಿನಲ್ಲಿ ಬೈಸಿಕೊಂಡೆ.